ಎಪ್ಪತ್ತು ದಿನದ ಬಾಡಿಗೆ

ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಹನ್ನೊಂದು ತಿಂಗಳ ಅಗ್ರಿಮೆಂಟ್ ಜನವರಿ 31ಕ್ಕೆ ಮುಗಿಯೋದಿತ್ತು. ಯಜಮಾನರಿಗೆ ಚಾಮರಾಜನಗರಕ್ಕೆ ವರ್ಗವಾಗಿತ್ತು, ಹೇಗೂ ಮನೆ ಬಿಡಬೇಕಿತ್ತು. ಆದರೆ ಏಳನೇ ಕ್ಲಾಸಿನ ಮಗಳ ಪರೀಕ್ಷೆ, ರಿಸಲ್ಟ್ ಎಲ್ಲ ಮುಗಿಯೋದು ಏಪ್ರಿಲ್ 10ರ ಹೊತ್ತಿಗೆ. ಫೆಬ್ರವರಿಯಲ್ಲಿ ಟಿಸಿ ತೆಗೆದರೆ ಹೊಸ ಶಾಲೆಯಲ್ಲಿ ಅವಳು ಕೂರೋದು ಒಂದೂವರೆ ತಿಂಗಳು, ಅದೂ ಪರೀಕ್ಷೆಗೆ. ದಿನಾ ಬಸ್ಸಲ್ಲಿ ಕಳಿಸೋಣ ಅಂದರೆ ಹೋಗ್ತಾ ಬರ್ತಾ ಎರಡು ಗಂಟೆ.

ಡಿಸೆಂಬರ್‌ನಲ್ಲೇ ಓನರ್ ಹತ್ತಿರ ಹೋದೆ. "ಬಾಡಿಗೆ 6,500 ಇದೆಯಲ್ಲ ಅಣ್ಣ, 7,000 ಕೊಡ್ತೀವಿ, ಸ್ವಲ್ಪ ದಿನ ಬಿಡಿ" ಅಂದೆ. ಅವರು ತಲೆ ಆಡಿಸಿದರು. "ಕಾಸಿನ ಮಾತಲ್ಲ ಕಣವ್ವ. ಈಗ ಏಪ್ರಿಲ್ ಅಂತೀರ, ಆಮೇಲೆ ಜೂನ್ ಅಂತೀರ. ಬೇಸಿಗೇಲಿ ನನ್ನ ಮಗ ಬರ್ತಾನೆ, ಸುಣ್ಣ ಬಣ್ಣ ಆಗ್ಬೇಕು."

ಮನೆಗೆ ಬಂದು ಲೆಕ್ಕ ಹಾಕಿದೆ. ನಾನು ಹೆಚ್ಚಿಗೆ ಕೊಡ್ತೀನಿ ಅಂದಿದ್ದು ಒಟ್ಟು 1,170 ರೂಪಾಯಿ ಆಸುಪಾಸು. ಅದಕ್ಕಾಗಿ ಯಾರೂ ಮನೆ ಸಿಕ್ಕಿಹಾಕಿಸಿಕೊಳ್ಳಲ್ಲ. ಅವರ ಭಯವೂ ಸುಳ್ಳಲ್ಲ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತಗೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಆಮೇಲೆ ಬಿಡಿಸೋಕೆ ಮತ್ತೆ 15 ದಿನದ ನೋಟಿಸ್ ಕೊಡಬೇಕು. ಬಾಯಿಮಾತಲ್ಲಿ "ಇರಿ" ಅಂದರೆ ಆಗೋದು ಇದೇ.

ಹಾಗಾಗಿ ಎರಡನೇ ಸಲ ಹೋದಾಗ ಕಾಗದ ಹಿಡಿದು ಹೋದೆ. ಅದರಲ್ಲಿದ್ದದ್ದು ಇಷ್ಟೇ: "ಮಗಳ ಶಾಲಾ ವರ್ಷ ಮುಗಿಸಲು ಫೆಬ್ರವರಿ 1ರಿಂದ ಏಪ್ರಿಲ್ 11ರವರೆಗೆ ಮಾತ್ರ ಮುಂದುವರಿಯಲು ಕೇಳುತ್ತಿದ್ದೇವೆ. ಬಾಡಿಗೆ ತಿಂಗಳಿಗೆ 7,000, ಏಪ್ರಿಲ್‌ಗೆ ದಿನದ ಲೆಕ್ಕ. ಏಪ್ರಿಲ್ 11ರ ಸಂಜೆ ಕೀ ಕೊಡುತ್ತೇವೆ, ಮತ್ತೆ ವಿಸ್ತರಣೆ ಕೇಳುವುದಿಲ್ಲ. ಅಡ್ವಾನ್ಸನ್ನು ಬಾಡಿಗೆಗೆ ವಜಾ ಮಾಡುವುದಿಲ್ಲ. ಕೀ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್." ಜೊತೆಗೆ ಶಾಲೆಯ ಪರೀಕ್ಷಾ ವೇಳಾಪಟ್ಟಿ, ಚಾಮರಾಜನಗರದಲ್ಲಿ ಹೊಸ ಮನೆಗೆ ಕೊಟ್ಟ ಟೋಕನ್ ಅಡ್ವಾನ್ಸಿನ ರಸೀದಿ.

ಅವರು ನಿಧಾನಕ್ಕೆ ಓದಿದ್ದು ಆ ರಸೀದಿಯನ್ನೇ. ನಾವು ಹೋಗೋಕೆ ಜಾಗ ಇದೆ ಅನ್ನೋದು ಅವರಿಗೆ ಬೇಕಿತ್ತು. ಒಂದೇ ಮಾತು ಸೇರಿಸಿದರು: ಮಾರ್ಚ್‌ನಲ್ಲೇ ಪೇಂಟರ್ ಬಂದು ಅಳತೆ ನೋಡಬೇಕು. ಒಪ್ಪಿಕೊಂಡೆ. ಇಬ್ಬರೂ ಸಹಿ ಹಾಕಿ, ಹಳೇ ಅಗ್ರಿಮೆಂಟಿಗೆ ಪಿನ್ ಮಾಡಿ, ಒಂದೊಂದು ಪ್ರತಿ ಇಟ್ಟುಕೊಂಡೆವು.

ಏಪ್ರಿಲ್ 10ಕ್ಕೆ ರಿಸಲ್ಟ್ ಬಂತು. ಮಾರನೇ ದಿನ ಸಾಮಾನು ಗಾಡಿಗೆ ಹತ್ತಿಸಿ ಕೀ ಕೊಟ್ಟೆ. ಅಡ್ವಾನ್ಸ್ ಎಣಿಸಿ ಕೊಟ್ಟವರು, ಮಗಳ ಕೈಗೆ ನೂರು ರೂಪಾಯಿ ಇಟ್ಟು, "ಮಾತು ಉಳಿಸಿಕೊಂಡ್ರಿ ಕಣವ್ವ" ಅಂದರು.