ಮೊದಲು ಅನುಮೋದನೆ, ಆಮೇಲೆ ಅಧ್ಯಯನ



ನಮ್ಮ ಚಾಮರಾಜಪೇಟೆಯ ವಿದ್ಯಾರ್ಥಿಯೊಬ್ಬನು ‘ಸ್ವಯಂ’ ಜಾಲತಾಣದಲ್ಲಿ ಹನ್ನೆರಡು ವಾರಗಳ ಎನ್‌ಪಿಟಿಇಎಲ್ ಕೋರ್ಸೊಂದನ್ನು ಶ್ರದ್ಧೆಯಿಂದ ಮುಗಿಸಿ, ವಾರವಾರದ ಅಸೈನ್‌ಮೆಂಟುಗಳಿಗೆ ಇಪ್ಪತ್ತೈದಕ್ಕೆ ಹದಿನೆಂಟು, ಪರೀಕ್ಷಾಕೇಂದ್ರದಲ್ಲಿ ಬರೆದ ಪರೀಕ್ಷೆಗೆ ಎಪ್ಪತ್ತೈದಕ್ಕೆ ನಲವತ್ತೆರಡು ಅಂಕಗಳನ್ನು ಗಳಿಸಿ, ಪ್ರಮಾಣಪತ್ರವನ್ನು ಹಿಡಿದು ಕಾಲೇಜಿಗೆ ಹೋದಾಗ, ಆ ಕೋರ್ಸು ವಿಶ್ವವಿದ್ಯಾನಿಲಯವು ಅಂಗೀಕರಿಸಿದ ಪಟ್ಟಿಯಲ್ಲಿಯೇ ಇಲ್ಲವೆಂಬ ಉತ್ತರ ದೊರೆಯಿತು. ಉತ್ತೀರ್ಣನಾದುದು ನಿಜ, ಕ್ರೆಡಿಟ್ ಮಾತ್ರ ಶೂನ್ಯ.

ಯುಜಿಸಿಯ 2021ರ ನಿಯಮಾವಳಿಯ ಆಶಯದಂತೆ, ಮುಂದಿನ ಸೆಮಿಸ್ಟರಿನ ಕೋರ್ಸುಗಳನ್ನು ‘ಸ್ವಯಂ’ ಪ್ರಕಟಿಸಿದ ಮೇಲೆ ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತು ಅವುಗಳನ್ನು ಪರಿಶೀಲಿಸಿ, ತನ್ನ ಪಠ್ಯಕ್ರಮಕ್ಕೆ ಹೊಂದುವಂಥವನ್ನು ಅಂಗೀಕರಿಸಬೇಕು. ವಿದ್ಯಾರ್ಥಿಯು ಆ ಪಟ್ಟಿಯಿಂದ ಆಯ್ದು, ಕಾಲೇಜಿನ ಮೂಲಕ ನೋಂದಾಯಿಸಿಕೊಳ್ಳಬೇಕು. ಕೊನೆಯಲ್ಲಿ ಬಂದ ಅಂಕಗಳನ್ನು ಮಾತೃಸಂಸ್ಥೆಯು ಅಂಕಪಟ್ಟಿಯಲ್ಲಿ ಸೇರಿಸಬೇಕು. ಈ ಕ್ರಮವು ತಲೆಕೆಳಗಾದರೆ ಕಲಿತದ್ದು ಉಳಿಯುತ್ತದೆಯೇ ಹೊರತು ಪದವಿಗೆ ಸಲ್ಲುವುದಿಲ್ಲ.

ಹೀಗೆ ಓದಬಹುದಾದ ವಿಷಯಗಳಿಗೆ ಮಿತಿಯೂ ಉಂಟು. 2016ರಲ್ಲಿ ಶೇಕಡಾ 20 ಇದ್ದದ್ದು ಈಗ 40ಕ್ಕೆ ಏರಿದೆ. ಅಂದರೆ ಸೆಮಿಸ್ಟರಿನಲ್ಲಿ ಐದು ವಿಷಯಗಳಿದ್ದರೆ ಎರಡನ್ನು ಮಾತ್ರ ಹೀಗೆ ಓದಬಹುದು. ಆದರೆ ಇದು ಗರಿಷ್ಠ ಪ್ರಮಾಣವೇ ವಿನಾ ವಿದ್ಯಾರ್ಥಿಯ ಹಕ್ಕಲ್ಲ. ಇದಕ್ಕಿಂತ ಕಡಮೆಗೆ ನಿಲ್ಲಿಸುವ ವಿಶ್ವವಿದ್ಯಾನಿಲಯಗಳೂ ಇರಬಹುದಾದುದರಿಂದ, ತಮ್ಮದರ ನಿಯಮವನ್ನು ಮೊದಲೇ ಕೇಳಿ ತಿಳಿಯುವುದು ಲೇಸು.

ಆದಕಾರಣ, ನೋಂದಣಿಯ ಕೊನೆಯ ದಿನಕ್ಕೆ ಮುಂಚಿತವಾಗಿಯೇ ಅಂಗೀಕೃತ ಕೋರ್ಸುಗಳ ಪಟ್ಟಿಯನ್ನು, ಪ್ರತಿಯೊಂದರ ಕ್ರೆಡಿಟ್ ಸಂಖ್ಯೆ ಹಾಗೂ ಅದು ಯಾವ ವಿಷಯಕ್ಕೆ ಬದಲಾಗಿ ಸಲ್ಲುವುದೆಂಬ ವಿವರದೊಡನೆ, ಕಾಲೇಜುಗಳು ಸೂಚನಾಫಲಕದಲ್ಲಿ ಪ್ರಕಟಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

— ಓರ್ವ ಓದುಗ, ಚಾಮರಾಜಪೇಟೆ, ಬೆಂಗಳೂರು