ಹತ್ತಕ್ಕೆ ಆರು ಕೊಟ್ಟವರು ಶತ್ರುಗಳೇ?

ಕಳೆದ ತಿಂಗಳ ಓದು-ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ, ಪುಣೆಯ ನಮ್ಮ ಬಳಗದ ಗೆಳತಿಯೊಬ್ಬರು ಚೀಲದಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಅವರು ಕಾರುಗಳ ಸರ್ವೀಸ್ ಸೆಂಟರ್ ಒಂದರಲ್ಲಿ ಗ್ರಾಹಕರ ಮೇಜಿನ ಮೇಲ್ವಿಚಾರಕಿ. ಮಾರ್ಚ್‌ನಲ್ಲಿ 22 ಇದ್ದ ಶಾಖೆಯ ‘ನೆಟ್ ಪ್ರೊಮೋಟರ್ ಸ್ಕೋರ್’ ಏಪ್ರಿಲ್‌ನಲ್ಲಿ 15ಕ್ಕೆ ಇಳಿದಿದೆ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು, ಅಲ್ಲಿಯವರೆಗೆ ಮೇಜಿನ ನಾಲ್ವರ ಇನ್ಸೆಂಟಿವ್ ತಡೆಹಿಡಿಯಲಾಗಿದೆ ಎಂಬುದು ಕಾಗದದ ಸಾರ. ಸಾಹಿತ್ಯದ ಬಳಗಕ್ಕೆ ಈ ಲೆಕ್ಕ ಏಕೆಂದು ಕೇಳುವವರಿರಬಹುದು. ನಮ್ಮಲ್ಲಿ ಬಹುಪಾಲು ಜನ ಹಗಲೆಲ್ಲ ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಥದೇ ಅಂಕಿಗಳ ಕೆಳಗೆ ತಲೆಬಾಗಿ ಕುಳಿತು, ಸಂಜೆ ಇಲ್ಲಿಗೆ ಬರುವವರು. ಒಂದು ವಾಕ್ಯದ ಅರ್ಥಕ್ಕಾಗಿ ಗಂಟೆಗಟ್ಟಲೆ ಜಗಳವಾಡುವ ನಾವು, ಒಂದು ಅಂಕಿಯ ಅರ್ಥವನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಳ್ಳುತ್ತೇವೆ.

ಈ ಅಂಕಿಯ ಹುಟ್ಟು ಸರಳವಾದದ್ದು. ಫ್ರೆಡ್ ರೈಕ್‌ಹೆಲ್ಡ್ ಎಂಬ ಅಮೆರಿಕದ ವ್ಯವಹಾರ ಸಲಹೆಗಾರ 2003ರ ಡಿಸೆಂಬರ್‌ನಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಇದನ್ನು ಮುಂದಿಟ್ಟರು. ಈ ಕಂಪನಿಯನ್ನು ನಿಮ್ಮ ಸ್ನೇಹಿತರಿಗೋ ಸಹೋದ್ಯೋಗಿಗಳಿಗೋ ಶಿಫಾರಸು ಮಾಡುವ ಸಾಧ್ಯತೆ ಎಷ್ಟು ಎಂಬ ಒಂದೇ ಪ್ರಶ್ನೆ. ಉತ್ತರ ಸೊನ್ನೆಯಿಂದ ಹತ್ತರವರೆಗೆ. ಒಂಬತ್ತು, ಹತ್ತು ಕೊಟ್ಟವರು ಪ್ರೊಮೋಟರುಗಳು, ಅಂದರೆ ಹೊಗಳುವವರು. ಏಳು, ಎಂಟು ಕೊಟ್ಟವರು ತಟಸ್ಥರು. ಆರು ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರೆಲ್ಲ ತೆಗಳುವವರು. ಹೊಗಳುವವರ ಶೇಕಡಾವಾರಿನಿಂದ ತೆಗಳುವವರ ಶೇಕಡಾವಾರನ್ನು ಕಳೆದರೆ ಸ್ಕೋರ್ ಸಿದ್ಧ.

ಗೆಳತಿಯ ಶಾಖೆಯಲ್ಲಿ ಏಪ್ರಿಲ್‌ನಲ್ಲಿ ಸುಮಾರು 1,200 ಕಾರುಗಳು ಬಂದುಹೋಗಿದ್ದವು. ಪ್ರಶ್ನೆಗೆ ಉತ್ತರಿಸಿದವರು 100 ಜನ. ಅವರಲ್ಲಿ 40 ಜನ ಹೊಗಳಿದರು, 35 ಜನ ತಟಸ್ಥರು, 25 ಜನ ತೆಗಳಿದರು. ಮಾರ್ಚ್‌ನಲ್ಲಿಯೂ ಉತ್ತರಿಸಿದವರು 100. ಆಗ 44, 34, 22. ಎರಡು ತಿಂಗಳ ನಡುವಿನ ವ್ಯತ್ಯಾಸವೆಂದರೆ ಹೊಗಳುವವರಲ್ಲಿ ನಾಲ್ವರು ಕಡಿಮೆ, ತೆಗಳುವವರಲ್ಲಿ ಮೂವರು ಹೆಚ್ಚು. ನಾಲ್ವರ ಇನ್ಸೆಂಟಿವ್ ನಿಂತದ್ದು ಇಷ್ಟರ ಮೇಲೆ.

ಈಗ, ಆ ಕಾಗದ ಬರೆದವರು ಮಾಡದೆ ಬಿಟ್ಟ ಲೆಕ್ಕವನ್ನು ನಾವು ಮಾಡೋಣ. ಬೇರೆ ನೂರು ಜನ ಉತ್ತರಿಸಿದ್ದರೆ ಸ್ಕೋರ್ ಎಷ್ಟು ಅತ್ತಿತ್ತ ಆಗಬಹುದಿತ್ತು ಎಂಬುದೇ ಪ್ರಶ್ನೆ. ಹೊಗಳುವವರ ಮತ್ತು ತೆಗಳುವವರ ಪಾಲನ್ನು ಕೂಡಿಸಬೇಕು: 0.40 ಮತ್ತು 0.25 ಸೇರಿ 0.65. ಅದರಿಂದ ಸ್ಕೋರಿನ ವರ್ಗವನ್ನು, ಅಂದರೆ 0.15ರ ವರ್ಗವಾದ 0.0225ನ್ನು ಕಳೆಯಬೇಕು, ಉಳಿದದ್ದು 0.6275. ಇದನ್ನು ಉತ್ತರಗಳ ಸಂಖ್ಯೆಯಾದ 100ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.08. ಅದರ ಎರಡರಷ್ಟು, ಎಂದರೆ ಸುಮಾರು 16 ಅಂಶಗಳು, ಈ ಸ್ಕೋರಿನ ಎರಡೂ ಬದಿಗೆ ಬಿಡಬೇಕಾದ ಜಾಗ. ಹೀಗಾಗಿ ಏಪ್ರಿಲ್‌ನ 15 ಎಂಬುದನ್ನು ಪ್ರಾಮಾಣಿಕವಾಗಿ ಓದಿದರೆ, ‘ಸೊನ್ನೆಗಿಂತ ಒಂದು ಕೆಳಗಿನಿಂದ 31ರವರೆಗೆ ಎಲ್ಲಿಯಾದರೂ’ ಎಂದಾಗುತ್ತದೆ. ಎರಡು ತಿಂಗಳನ್ನು ಹೋಲಿಸುವಾಗ ಎರಡರ ಅನಿಶ್ಚಿತತೆಯೂ ಸೇರಿ ಈ ಜಾಗ ಸುಮಾರು 22 ಅಂಶಗಳಿಗೆ ಹಿಗ್ಗುತ್ತದೆ. ಕುಸಿತ ಎಂದು ಕರೆದದ್ದು 7 ಅಂಶ. ಸ್ಕೋರಿನ ಸುತ್ತ 5 ಅಂಶಗಳಷ್ಟೇ ಜಾಗ ಉಳಿಯಬೇಕಾದರೆ ಸುಮಾರು ಸಾವಿರ ಉತ್ತರಗಳು ಬೇಕು. ಆ ಶಾಖೆಗೆ ಬಂದವರೆಲ್ಲರೂ ಸೇರಿ ಸಾವಿರದ ಇನ್ನೂರು!

ಇದೆಲ್ಲ ಆ ನೂರು ಜನರನ್ನು ಯಾದೃಚ್ಛಿಕವಾಗಿ ಆರಿಸಿದ್ದಾರೆಂದು ಭಾವಿಸಿದರೆ ಮಾತ್ರ. ವಾಸ್ತವದಲ್ಲಿ ಉತ್ತರಿಸುವವರು ತಮ್ಮನ್ನು ತಾವೇ ಆರಿಸಿಕೊಳ್ಳುತ್ತಾರೆ: ಕುದಿಯುತ್ತಿರುವವರು, ಬಹಳ ಸಂತೋಷಪಟ್ಟವರು, ಮತ್ತು ಮೇಜಿನವರು ಕೈಮುಗಿದು ಕೇಳಿಕೊಂಡವರು. ಈ ಮೂರನೆಯ ಗುಂಪು ನಮಗೆಲ್ಲ ಪರಿಚಿತ. ಕೀಲಿ ಕೈಗೆ ಕೊಡುತ್ತ, “ಸರ್, ಫೋನ್ ಬರುತ್ತೆ, ದಯವಿಟ್ಟು ಹತ್ತೇ ಕೊಡಿ, ಒಂಬತ್ತಕ್ಕಿಂತ ಕಡಿಮೆ ಆದರೆ ನಮಗೆ ತೊಂದರೆ” ಎಂದು ಹುಡುಗನೊಬ್ಬ ಅಂಗಲಾಚುವುದನ್ನು ನಾವು ಕಂಡಿದ್ದೇವೆ. ನಾವು ಹತ್ತು ಕೊಟ್ಟದ್ದು ಅವನ ಮನೆಯ ಒಲೆಗೆ. ಕಂಪನಿ ಅದನ್ನು ತನ್ನ ಬ್ರ್ಯಾಂಡಿನ ಮೇಲಿನ ನಿಷ್ಠೆ ಎಂದು ಬರೆದುಕೊಂಡಿತು. ಸಂಬಳವನ್ನು ಅಂಕಿಗೆ ಕಟ್ಟಿದ ಗಳಿಗೆಯಿಂದ ಅಂಕಿ ಅಳೆಯುವುದು ಆ ಅಂಗಲಾಚುವಿಕೆಯನ್ನು. ತನ್ನ ಅಳತೆಗೋಲು ಹೀಗೆ ದುರ್ಬಳಕೆಯಾಗುತ್ತಿದೆಯೆಂದು ರೈಕ್‌ಹೆಲ್ಡ್ ಅವರೇ 2021ರಲ್ಲಿ ಅದೇ ಪತ್ರಿಕೆಯಲ್ಲಿ ದೂರಿದ್ದಾರೆ.

ಇನ್ನು ಆರರ ಮಾತು. ನಾವು ಓದಿದ ಶಾಲೆಗಳಲ್ಲಿ ನೂರಕ್ಕೆ ಅರವತ್ತು ಬಂದರೆ ಪ್ರಥಮ ದರ್ಜೆ. ಮನೆಯಲ್ಲಿ ಪೇಡೆ ಹಂಚುತ್ತಿದ್ದರು. ಹತ್ತಕ್ಕೆ ಹತ್ತು ಕೊಡುವ ಮೇಷ್ಟರನ್ನು ನಾವು ಯಾರೂ ಕಂಡವರಲ್ಲ. ಆ ಅಭ್ಯಾಸದಲ್ಲಿ ಬೆಳೆದ ಹಿರಿಯರೊಬ್ಬರು ಕೆಲಸ ಚೆನ್ನಾಗಿಯೇ ಆಯಿತೆಂದು ಆರು ಕೊಟ್ಟರೆ, ಕಂಪ್ಯೂಟರ್ ಅವರನ್ನು ಸೊನ್ನೆ ಕೊಟ್ಟು ಬೈದುಹೋದವನ ಪಕ್ಕದಲ್ಲಿ ಕೂರಿಸುತ್ತದೆ. ಆ ಬೈದವನನ್ನು ಸಮಾಧಾನಪಡಿಸಿ ಸೊನ್ನೆಯಿಂದ ಆರಕ್ಕೆ ತಂದರೂ ಸ್ಕೋರ್ ಕದಲುವುದಿಲ್ಲ. ಎಂಟು ಕೊಡುತ್ತಿದ್ದವನಿಂದ ಒಂಬತ್ತು ಹೇಳಿಸಿದರೆ ಏರುತ್ತದೆ. ಜಾಣ ಮ್ಯಾನೇಜರ್ ಯಾರ ಹಿಂದೆ ಓಡುತ್ತಾನೆಂದು ಬೇರೆ ಹೇಳಬೇಕೆ? ಹಾಗೆಯೇ, ನೂರರಲ್ಲಿ 20 ಜನ ಹೊಗಳಿ ಉಳಿದ 80 ಜನ ತಟಸ್ಥರಾದ ಅಂಗಡಿಗೂ, 60 ಜನ ಹೊಗಳಿ 40 ಜನ ಶಪಿಸುವ ಅಂಗಡಿಗೂ ಸ್ಕೋರ್ ಒಂದೇ, 20. ಮೊದಲನೆಯದು ಸಪ್ಪೆಯಾದ ಅಂಗಡಿ, ಎರಡನೆಯದು ಹೊತ್ತಿ ಉರಿಯುತ್ತಿರುವ ಅಂಗಡಿ. ಒಂದೇ ಅಂಕಿ ಕೊಟ್ಟು ಎರಡನ್ನೂ ಸಮೀಕರಿಸುವುದನ್ನು ನಾವು ಮಾಪನವೆಂದು ಒಪ್ಪಲಾರೆವು.

ಅಂಕಿ ಒಂದು ಕಂಪನಿಯ ಬೆಳವಣಿಗೆಯನ್ನು ಮುನ್ನುಡಿಯುತ್ತದೆ ಎಂಬುದು ಮೂಲ ಪ್ರತಿಪಾದನೆ. ಟಿಮೊಥಿ ಕೀನಿಂಗ್‌ಹ್ಯಾಮ್ ಮತ್ತು ಸಂಗಡಿಗರು ನಾರ್ವೆಯ ಗ್ರಾಹಕ ಸಮೀಕ್ಷೆಯ ಮಾಹಿತಿಯಿಂದ ಇದನ್ನು ಪರೀಕ್ಷಿಸಿ, ಉಳಿದ ತೃಪ್ತಿ ಮಾಪನಗಳಿಗಿಂತ ಇದು ಮೇಲೆಂಬುದಕ್ಕೆ ಆಧಾರ ಕಾಣಲಿಲ್ಲವೆಂದು 2007ರಲ್ಲಿ ಪ್ರಕಟಿಸಿದರು. ಬೇರೆ ಆಯ್ಕೆಯೇ ಇಲ್ಲದ ಕಡೆ, ಉದಾಹರಣೆಗೆ ಊರಿಗೆ ಒಂದೇ ಟೆಲಿಫೋನ್ ಕಂಪನಿ ಇರುವಲ್ಲಿ, ಶಿಫಾರಸಿನ ಪ್ರಶ್ನೆಗೆ ಅರ್ಥವಿಲ್ಲವೆಂದು ರೈಕ್‌ಹೆಲ್ಡ್ ಅವರ ಮೊದಲ ಲೇಖನವೇ ಒಪ್ಪಿಕೊಂಡಿತ್ತು. ಆ ಸಾಲು ಯಾರ ಕಣ್ಣಿಗೂ ಬಿದ್ದಂತಿಲ್ಲ. ಕಳೆದ ವರ್ಷ ಸದ್ದಿಲ್ಲದೆ ಬೇರೆ ಗ್ಯಾರೇಜಿಗೆ ಹೋದವನಿಗೆ ಪ್ರಶ್ನೆಯೇ ಹೋಗುವುದಿಲ್ಲ. ಬೋರ್ಡು ನೋಡಿಯೇ ಒಳಗೆ ಕಾಲಿಡದವನಿಗಂತೂ ಇಲ್ಲವೇ ಇಲ್ಲ. ಬ್ರ್ಯಾಂಡಿನ ಬಗ್ಗೆ ಹೆಚ್ಚು ತಿಳಿದಿರುವವರು ಇವರೇ ಆಗಿರಬಹುದು. ಅವರ ಪಾಲಿಗೆ ಈ ಅಂಕಿ ಕುರುಡು.

ಒಂದು ಅಂಕಿಯಾದರೂ ಇದ್ದರೆ ಮೇಲಿನವರು ಗ್ರಾಹಕನ ಮಾತು ಕೇಳುತ್ತಾರಲ್ಲ ಎಂದು ನಮ್ಮ ಬಳಗದ ಬ್ಯಾಂಕ್ ಅಧಿಕಾರಿಯೊಬ್ಬರು ವಾದಿಸಿದರು. ಅವರ ಮಾತನ್ನು ಅರ್ಧ ಒಪ್ಪುತ್ತೇವೆ. ಒಂದೇ ಶಾಖೆ, ಒಂದೇ ರೀತಿಯಲ್ಲಿ ಕೇಳಿದ ಪ್ರಶ್ನೆ, ಒಂದು ವರ್ಷದ ಉತ್ತರಗಳು ಒಟ್ಟಿಗೆ, ಮೂರು ಗುಂಪುಗಳೂ ಬೇರೆ ಬೇರೆಯಾಗಿ ಕಾಣುವ ಪಟ್ಟಿ, ಪಕ್ಕದಲ್ಲಿ ‘ಏಕೆ’ ಎಂಬ ಖಾಲಿ ಜಾಗ: ಹೀಗಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಆಗ ಕೆಲಸಕ್ಕೆ ಬರುವುದು ಬಹುಮಟ್ಟಿಗೆ ಆ ಖಾಲಿ ಜಾಗ.

ಗೆಳತಿ ಮಾಡಿದ್ದೂ ಅದನ್ನೇ. ತೆಗಳಿದ 25 ಜನರಲ್ಲಿ 11 ಜನ ಕಾರಣ ಬರೆದಿದ್ದರು. ಅವುಗಳಲ್ಲಿ ಎಂಟು, ಬಿಡಿಭಾಗ ಬರಲು ವಾರಗಟ್ಟಲೆ ಕಾಯಬೇಕಾಯಿತೆಂಬ ದೂರು. ಬಿಡಿಭಾಗ ತರಿಸುವುದು ಪ್ರಾದೇಶಿಕ ಕಚೇರಿಯ ಹೊಣೆ, ಮೇಜಿನ ನಾಲ್ವರದಲ್ಲ. ಈ ಎಂಟೂ ದೂರುಗಳನ್ನು ಗ್ರಾಹಕರ ಮಾತಿನಲ್ಲೇ ಬರೆದು, ಮೇಲಿನ ಲೆಕ್ಕವನ್ನೂ ಲಗತ್ತಿಸಿ, ಅವರು ವಿವರಣೆ ಕಳುಹಿಸಿದರು. ನಾಲ್ಕನೆಯ ದಿನ ಒಂದೇ ಸಾಲಿನ ಉತ್ತರ ಬಂತು: ಮುಂದಿನ ತಿಂಗಳ ಗುರಿ 25.