ಬೈಬ್ಯಾಕ್ ಅಂದ್ರೆ ಯಾರು ಯಾರಿಗೆ ಮಾರೋದು?

ಭಾಗ 1/5

ಸಕಲೇಶಪುರ, ಆಲೂರು ಕಡೆಯ ಫ್ರೆಂಡ್ಸ್, ಈ ಸೀರೀಸ್ ನಿಮಗೇ. ಮನೆಗೆ ಯಾರೋ ಬಂದು "ಕಾಫಿ, ಮೆಣಸು ನಂಬ್ಕೊಂಡು ಎಷ್ಟು ದಿನ ಇರ್ತೀರ, ಔಷಧಿ ಗಿಡ ಹಾಕಿ, ಆನೆ ಮುಟ್ಟಲ್ಲ, ಬೆಳೆದಿದ್ದೆಲ್ಲ ನಾವೇ ವಾಪಸ್ ತಗೋತೀವಿ" ಅಂತಾರೆ. ಆಮೇಲೆ ಇಂಗ್ಲಿಷಲ್ಲಿರೋ ಅಗ್ರಿಮೆಂಟ್ ತೆಗೀತಾರೆ. ಆಗ ಅಪ್ಪ ಕರೆಯೋದು ನಮ್ಮನ್ನೇ: "ನೀನು ಓದಿದೀಯಲ್ಲ, ನೋಡು. ಹಂಗೇ ಸಾಕ್ಷಿ ಸಹಿನೂ ಹಾಕು."

"ಸ್ಟಾಂಪ್ ಪೇಪರ್ ಮೇಲೆ ಬರ್ಕೊಟ್ಟಿದಾರೆ, ಇನ್ನೇನು ಭಯ" ಅನ್ನೋರಿಗೆ ಮೊದಲ ಮಾತು. ಛಾಪಾ ಕಾಗದ ಹೇಳೋದು ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಿದಾರೆ ಅಂತ ಮಾತ್ರ. ಕಂಪನಿ ಹತ್ರ ದುಡ್ಡಿದೆ, ಬೆಳೆ ಬೇಕಾಗಿದೆ, ಮೂರು ವರ್ಷ ಆದ್ಮೇಲೂ ಅದೇ ಬೋರ್ಡ್ ಇರುತ್ತೆ ಅಂತ ಅದು ಹೇಳಲ್ಲ.

ನನ್ನ ವಾದ ಒಂದೇ. ಅಗ್ರಿಮೆಂಟ್ ಕೈಗೆ ಬಂದಾಗ ಬೈಬ್ಯಾಕ್ ದರ ಹುಡುಕಬೇಡಿ. ಮೊದಲ ದುಡ್ಡು ಯಾರಿಂದ ಯಾರಿಗೆ ಹೋಗುತ್ತೆ ಅಂತ ಹುಡುಕಿ. ರೈತನೇ ಮೊದಲು ಸಸಿಗೋ ಬೀಜಗಡ್ಡೆಗೋ ದೊಡ್ಡ ದುಡ್ಡು ಕಟ್ಟಬೇಕು ಅಂದ್ರೆ ಅಲ್ಲಿ ಮಾರಾಟ ಆಗ್ತಿರೋ ಮಾಲು ಸಸಿ. ಗಿರಾಕಿ ನಿಮ್ಮಪ್ಪ. ಕಂಪನಿ ಲಾಭ ಅವತ್ತೇ ಮುಗೀತು. ನಾಳೆ ಬೆಳೆ ತಗೊಳ್ಳೋದು ಅದಕ್ಕೆ ಬರೀ ಖರ್ಚು.

ಭಾಗ 2/5

ಲೆಕ್ಕ ಹಾಕೋಣ. ಸಫೇದ್ ಮುಸ್ಲಿ ತಗೊಳ್ಳಿ. ಶತಾವರಿ ಥರ ಬೇರು ಬಿಡೋ ಗಿಡ, ಬೇರಿನ ಸಿಪ್ಪೆ ತೆಗೆದು ಒಣಗಿಸಿ ಮಾರೋದು. ಕೆಳಗಿನ ದರ ಉದಾಹರಣೆಗೆ ನಾನು ಹಾಕಿರೋದು, ಯಾವ ಕಂಪನಿದೂ ಅಲ್ಲ.

ಬೀಜಗಡ್ಡೆ ಕೆಜಿಗೆ 400 ರೂಪಾಯಿ, ಬೈಬ್ಯಾಕ್ ಕೆಜಿಗೆ 1000. ಕೇಳೋಕೆ ಎರಡೂವರೆ ಪಟ್ಟು. ಆದ್ರೆ ಕೊಳ್ಳೋದು ಹಸಿ, ಮಾರೋದು ಒಣ. ಸುಮಾರು 5 ಕೆಜಿ ಹಸಿ ಬೇರು ಒಣಗಿದ್ರೆ 1 ಕೆಜಿ ಆಗುತ್ತೆ. ಅಂದ್ರೆ ನಿಮ್ಮ ಹಸಿ ಬೇರಿಗೆ ಸಿಗ್ತಿರೋದು ಕೆಜಿಗೆ 200. ನೀವು ಕೊಟ್ಟಿದ್ದರ ಅರ್ಧ!

ಮುಂದೆ ನೋಡಿ. 100 ಕೆಜಿ ಹಾಕಿದ್ರಿ, 40,000 ಹೋಯ್ತು. ನಾಲ್ಕು ಪಟ್ಟು ಬಂತು ಅಂದ್ಕೊಳ್ಳಿ, 400 ಕೆಜಿ ಹಸಿ. ಪಾಂಪ್ಲೆಟ್ ಅದನ್ನ 1000ದಿಂದ ಗುಣಿಸಿ 4 ಲಕ್ಷ ಅಂತ ತೋರಿಸುತ್ತೆ. ನಿಜವಾಗಿ ಒಣಗಿದ ಮೇಲೆ ಉಳಿಯೋದು 80 ಕೆಜಿ, ಬರೋದು 80,000. ಗಡ್ಡೆ ದುಡ್ಡು ಕಳೆದ್ರೆ 40,000. ಅದರಲ್ಲೇ ಉಳುಮೆ, ಏರುಮಡಿ, ಕಳೆ, ಕೀಳೋ ಆಳು, ಒಂದೊಂದೇ ಬೇರಿನ ಸಿಪ್ಪೆ ತೆಗೆಯೋ ಕೂಲಿ. ಅರ್ಧ ಮಾಲು ರಿಜೆಕ್ಟ್ ಆದ್ರೆ ಗಡ್ಡೆ ದುಡ್ಡಷ್ಟೇ ವಾಪಸ್, ಉಳಿದ ಖರ್ಚೆಲ್ಲ ಕೈಯಿಂದ.

ಇನ್ನೊಂದು ವಿಷಯ. ಇದನ್ನ ನೆಡೋದು ಮಳೆಗಾಲದ ಶುರುವಲ್ಲಿ, ಮತ್ತೆ ನೀರು ನಿಂತ ಕಡೆ ಬೇರು ಕೊಳೆಯುತ್ತೆ. ನಮ್ಮ ಜುಲೈ, ಆಗಸ್ಟ್ ಮಳೆ ನಿಮಗೆ ಗೊತ್ತೇ ಇದೆ. ಒಣ ಸೀಮೆಯಲ್ಲಿ ಬಂದ ಇಳುವರಿ ತೋರಿಸಿ ಸಕಲೇಶಪುರದಲ್ಲಿ ಸಹಿ ಹಾಕಿಸಿದ್ರೆ ಒಪ್ಪಬೇಡಿ. ನಮ್ಮಷ್ಟೇ ಮಳೆ ಬೀಳೋ ಊರಲ್ಲಿ ಎರಡು ಸಲ ಮಾರಿ ದುಡ್ಡು ಎಣಿಸಿದ ರೈತನ ಹೊಲ ತೋರಿಸಿ ಅನ್ನಿ. ಸಸಿ ಹಾಕಿರೋ ಹೊಲ ಅಲ್ಲ, ಮಾರಿರೋ ಹೊಲ.

ಭಾಗ 3/5

ಈಗ ಕಾಗದ. ಎರಡು ಸಾಲು ಸಿಕ್ಕಿದ್ರೆ ಪೆನ್ನು ಕೆಳಗಿಡಿ.

ಮೊದಲನೇದು, "ಕಂಪನಿಯ ಗುಣಮಟ್ಟಕ್ಕೆ ಹೊಂದುವ ಮಾಲನ್ನು ಮಾತ್ರ ಖರೀದಿಸಲಾಗುವುದು". ಎಷ್ಟು ತೇವಾಂಶ? ಎಷ್ಟು ಉದ್ದದ ಬೇರು? ಟೆಸ್ಟ್ ಮಾಡೋರು ಯಾರು, ನಿಮ್ಮ ಕಣದಲ್ಲೋ ಅವರ ಗೋಡೌನಲ್ಲೋ? ರಿಜೆಕ್ಟ್ ಆದ್ರೆ ಲಾರಿ ಬಾಡಿಗೆ ಯಾರದು? ಇದ್ಯಾವುದೂ ಅಂಕಿಯಲ್ಲಿ ಇಲ್ಲ ಅಂದ್ರೆ ಆ ಒಂದು ಸಾಲು ಉಳಿದ ಅಷ್ಟೂ ಪುಟ ತಿಂದುಹಾಕುತ್ತೆ. ಕೊಳ್ಳಲೇಬೇಕು ಅನ್ನೋ ಮಾತು, ಇಷ್ಟ ಇದ್ರೆ ಕೊಳ್ತೀವಿ ಅಂತ ಆಗಿಹೋಗುತ್ತೆ.

ಎರಡನೇದು, "ಕಟಾವಿನ ಸಮಯದಲ್ಲಿ ಉಭಯರೂ ಒಪ್ಪುವ ದರದಂತೆ". ಬಿಸಿನೆಸ್ ಲಾ ಕ್ಲಾಸಲ್ಲಿ 1872ರ ಕಾಂಟ್ರಾಕ್ಟ್ ಆಕ್ಟ್ ಬರ್ಕೊಂಡಿದೀವಲ್ಲ, ಸೆಕ್ಷನ್ 29 ನೆನಪಿದೆಯಾ? ಅರ್ಥ ಖಚಿತ ಇಲ್ಲದ, ಖಚಿತ ಮಾಡ್ಕೊಳ್ಳೋಕೂ ಆಗದ ಒಪ್ಪಂದ ಅನೂರ್ಜಿತ. ದರ ಮುಂದೆ ಮಾತಾಡೋಣ ಅಂದ್ರೆ ಕೋರ್ಟಲ್ಲಿ ಹಿಡಿಯೋಕೆ ನಿಮಗೆ ಏನೂ ಉಳಿಯಲ್ಲ. "ಆಗಿನ ಮಾರುಕಟ್ಟೆ ದರ" ಅನ್ನೋದೂ ಅಷ್ಟೇ. ಕಾಫಿ, ಮೆಣಸಿಗೆ ಪೇಟೆಲಿ ನಾಲ್ಕು ಅಂಗಡಿ ವಿಚಾರಿಸಬಹುದು. ಮುಸ್ಲಿ ಬೇರಿಗೆ ನಮ್ಮ ಪೇಟೆಲಿ ಯಾವ ಅಂಗಡಿ ದರ ಹೇಳುತ್ತೆ? ಒಬ್ಬನೇ ಕೊಳ್ಳೋನು ಇದ್ದಾಗ ಅವನು ಹೇಳಿದ್ದೇ ಮಾರುಕಟ್ಟೆ.

ಭಾಗ 4/5

"ಮೋಸ ಆದ್ರೆ ಕೇಸ್ ಹಾಕಿದ್ರಾಯ್ತು" ಅನ್ನೋರು ಈ ಕೇಸ್ ಓದಿ. ಹೈದರಾಬಾದಿನ ನಂದನ್ ಬಯೋಮ್ಯಾಟ್ರಿಕ್ಸ್ ಕಂಪನಿ, ಅದರ ಫ್ರಾಂಚೈಸಿ, ಒಬ್ಬ ರೈತ ಮಹಿಳೆ, ಮೂವರ ನಡುವೆ 2004ರ ಜನವರಿಯಲ್ಲಿ ಸಫೇದ್ ಮುಸ್ಲಿ ಬೈಬ್ಯಾಕ್ ಒಪ್ಪಂದ ಆಯ್ತು. ಬೆಳೆ ವಾಪಸ್ ಕೊಳ್ಳಲಿಲ್ಲ ಅಂತ ಆಕೆ ಗ್ರಾಹಕರ ವೇದಿಕೆಗೆ ಹೋದ್ರು. ಈಕೆ ಬೆಳೆ ಮಾರಿ ಲಾಭ ಮಾಡೋರು, ಗ್ರಾಹಕರೇ ಅಲ್ಲ ಅನ್ನೋದು ಕಂಪನಿ ವಾದ. ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿ, ಜೀವನೋಪಾಯಕ್ಕೆ ಬೆಳೆಯೋ ರೈತ ಗ್ರಾಹಕನೇ ಅಂದಿದ್ದು 2020ರ ಮಾರ್ಚಲ್ಲಿ.

ಗೆಲುವು ಹೌದು, ನಮಗೆಲ್ಲ ಉಪಯೋಗಕ್ಕೆ ಬರೋ ತೀರ್ಪೂ ಹೌದು. ಆದ್ರೆ ಆ 16 ವರ್ಷದ ಕೊನೆಗೆ ತೀರ್ಮಾನ ಆಗಿದ್ದು ಆಕೆ ದೂರು ಕೊಡಬಹುದೋ ಇಲ್ಲವೋ ಅನ್ನೋದು. ಕಂಪನಿ ತಪ್ಪು ಮಾಡಿತೋ ಇಲ್ಲವೋ ಅನ್ನೋ ವಿಚಾರಣೆ ಆಮೇಲಿನ ಮಾತು.

ಅದಕ್ಕೇ ಕೊನೆ ಪುಟದಲ್ಲಿ ಸಹಿ ಯಾರದು ನೋಡಿ. ಮನೆಗೆ ಬಂದ ಏಜೆಂಟ್ ತನ್ನ ಹೆಸರಲ್ಲಿ ಸಹಿ ಹಾಕಿದ್ರೆ "ಅವನು ನಮ್ಮವನಲ್ಲ" ಅನ್ನೋದು ಕಂಪನಿಗೆ ಸುಲಭ. ಕಂಪನಿ ಪರವಾಗಿ ಸಹಿ ಹಾಕೋ ಅಧಿಕಾರಪತ್ರದ ಪ್ರತಿ ಕೇಳಿ. ಕಂಪನಿ ಹೆಸರನ್ನ mca.gov.in ಅಲ್ಲಿ ಹುಡುಕಿ, ಯಾವಾಗ ಶುರುವಾಗಿದೆ, ಚಾಲ್ತಿಯಲ್ಲಿದೆಯಾ ನೋಡಿ. ಸಸಿಗೆ ಕಟ್ಟಿದ ದುಡ್ಡಿಗೆ ಕಂಪನಿ ಹೆಸರಿನ ರಸೀದಿ ಬೇಕೇ ಬೇಕು. ನಾಳೆ ನೀವು ಗ್ರಾಹಕ ಅಂತ ತೋರಿಸೋದು ಅದೇ ಚೀಟಿ.

ಭಾಗ 5/5

"ಹಂಗಾದ್ರೆ ಒಪ್ಪಂದದ ಬೇಸಾಯವೇ ಬೇಡ್ವಾ?" ಅಂತ ಕೇಳ್ತೀರ. ನಾನು ಹಂಗೆ ಹೇಳ್ತಿಲ್ಲ. ನಮ್ಮ ಹಾಸನ ಜಿಲ್ಲೆಯ ಬಯಲು ಕಡೆ ಗರ್ಕಿನ್, ಅಂದ್ರೆ ಮಿಡಿಸೌತೆ, ಕಂಪನಿ ಒಪ್ಪಂದದಲ್ಲೇ ಬೆಳೀತಾರೆ. ಅಲ್ಲಿ ಬೀಜ, ಗೊಬ್ಬರ, ಔಷಧಿ ಕಂಪನಿಯೇ ಮುಂಗಡ ಕೊಟ್ಟು, ಕಾಯಿ ದುಡ್ಡಲ್ಲಿ ಮುರ್ಕೊಳ್ಳುತ್ತೆ. ಕೆಜಿಗೆ ಎಷ್ಟು ಕಾಯಿ ತೂಗುತ್ತೆ ಅನ್ನೋದರ ಮೇಲೆ ಗ್ರೇಡು, ಒಂದೊಂದು ಗ್ರೇಡಿಗೂ ದರ ಮೊದಲೇ ಗೊತ್ತು. ಅಲ್ಲೂ ಗ್ರೇಡಿಂಗ್ ಜಗಳ ಇದೆ. ಆದ್ರೆ ರೈತ ಕಾಯಿ ಕೊಡದಿದ್ರೆ ಕಂಪನಿ ಹಾಕಿದ ದುಡ್ಡು ಹೋಯ್ತು, ರಫ್ತಿಗೆ ಮಾಲಿಲ್ಲ. ಬೆಳೆ ಬರಬೇಕು ಅನ್ನೋ ಭಯ ಎರಡೂ ಕಡೆ ಇದೆ.

ಅದಕ್ಕೆ ಮನೆಗೆ ಬಂದೋರಿಗೆ ಇಷ್ಟೇ ಕೇಳಿ: "ಸಾರ್, ಸಸಿ ದುಡ್ಡು ಈಗ ಬೇಡ, ಬೆಳೆ ತಗೊಂಡಾಗ ಮುರ್ಕೊಳ್ಳಿ. ಅದನ್ನೇ ಅಗ್ರಿಮೆಂಟಲ್ಲಿ ಬರೀರಿ." ಬೆಳೆ ಮೇಲೆ ಅವರಿಗೇ ನಂಬಿಕೆ ಇದ್ರೆ ಕೂತು ಮಾತಾಡ್ತಾರೆ. ಇಲ್ಲ ಅಂದ್ರೆ ಕಾಫಿ ಕುಡಿದು ಪಕ್ಕದ ಮನೆಗೆ ಹೋಗ್ತಾರೆ. ಅವರು ಅಲ್ಲಿಗೆ ಹೋಗೋ ಮುಂಚೆ ಪಕ್ಕದ ಮನೆಯೋರಿಗೆ ಈ ಸೀರೀಸ್ ಕಳಿಸಿ.